ಕನಸಿನಲ್ಲಿ ಕಂಡ ಸಾವು: ಒಂದು ಪತ್ರಕ್ಕೆ ಉತ್ತರ

ಸೋದರಿ,

ತಾವು ಬರೆದ ಪತ್ರ ನಮ್ಮ ಕೈಸೇರಿತು. ಉತ್ತರವನ್ನು ಸಂಘದ ಪತ್ರಿಕೆಯಲ್ಲಿಯೇ ಪ್ರಕಟಿಸಬೇಕೆಂದೂ, ತಮ್ಮ ಹೆಸರನ್ನಾಗಲಿ ಊರನ್ನಾಗಲಿ ಸೂಚಿಸಬಾರದೆಂದೂ ಕೇಳಿಕೊಂಡಿರುವಿರಿ. ಹಾಗೆಯೇ ಮಾಡಿದ್ದೇವೆ. ತಾವು ಒಂದು ಕನ್ನಡ ಶಾಲೆಯಲ್ಲಿ ಅಧ್ಯಾಪಿಕೆಯೆಂಬಷ್ಟನ್ನು ಮಾತ್ರ ಓದುಗರು ತಿಳಿದರೆ ಸಾಕು.

ತಮ್ಮ ಕನಸನ್ನು ಓದುಗರಿಗಾಗಿ ಸಂಕ್ಷೇಪಿಸುತ್ತೇವೆ. ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ತಮ್ಮನ್ನು ಸಾಕಿ ಬೆಳೆಸಿದ ದೊಡ್ಡಮ್ಮನವರು ಚಾವಡಿಯಲ್ಲಿ ದಕ್ಷಿಣಕ್ಕೆ ತಲೆಯಿಟ್ಟು ಮಲಗಿದ್ದಂತೆ ಕಂಡಿರಿ. ತಲೆಯ ಬಳಿ ಒಂಟಿ ದೀಪ ಉರಿಯುತ್ತಿತ್ತು. ಅವರು ಮೃತರಾಗಿದ್ದಾರೆಂದು ಎಲ್ಲರೂ ಹೇಳುತ್ತಿದ್ದರೂ ಅವರು ತಮ್ಮತ್ತ ತಿರುಗಿ "ನೀರು ಕೊಡು ಮಗಳೇ" ಎಂದರು. ತಂಬಿಗೆಯನ್ನು ಹಿಡಿದು ಬಾವಿಕಟ್ಟೆಗೆ ಓಡಿದಿರಿ. ಹಗ್ಗ ಎಷ್ಟು ಇಳಿಸಿದರೂ ನೀರಿಗೆ ತಾಗಲಿಲ್ಲ. ಅಷ್ಟರಲ್ಲಿ ಎಚ್ಚರವಾಯಿತು. ಮತ್ತೆ ಕಣ್ಣು ಮುಚ್ಚಲಾಗಲಿಲ್ಲ. ಇದಾಗಿ ಹನ್ನೆರಡು ದಿನಗಳಾದುವು. "ಬೆಳಗಿನ ಜಾವದ ಕನಸು ಸುಳ್ಳಾಗದಂತೆ, ದೊಡ್ಡಮ್ಮನಿಗೆ ಫೋನ್ ಮಾಡಲೂ ಕೈ ಬರುತ್ತಿಲ್ಲ. ಇದು ಸೂಚನೆಯೇ?" ಎಂದು ಕೇಳಿರುವಿರಿ.

ಅಲ್ಲವೆಂಬುದೇ ನಮ್ಮ ಉತ್ತರ. ಆದರೆ ಬರಿಯ "ಅಲ್ಲ" ಎಂಬ ಮಾತಿನಿಂದ ನಡುರಾತ್ರಿಯ ಭಯ ಹೋಗುವುದಿಲ್ಲ. ಆದುದರಿಂದ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇವೆ. ತಮ್ಮ ಪತ್ರದಲ್ಲಿ ಕನಸಿಗೆ ಸಂಬಂಧಿಸಿಲ್ಲವೆಂದು ತಾವು ಹಾದಿಯಲ್ಲಿ ಬಿಟ್ಟುಹೋದ ಒಂದು ವಾಕ್ಯವಿದೆ. ನಮಗೆ ಕನಸಿಗಿಂತ ಆ ವಾಕ್ಯ ಮುಖ್ಯವೆನಿಸಿತು. ಅದನ್ನು ಕೊನೆಗೆ ಎತ್ತಿಕೊಳ್ಳುತ್ತೇವೆ.

ಶಕುನಗಳನ್ನು ನಂಬಿದ ನಮ್ಮ ಹಿರಿಯರೇ ಕನಸುಗಳನ್ನು ಹೇಗೆ ಜರಡಿ ಹಿಡಿಯುತ್ತಿದ್ದರೆಂಬುದನ್ನು ಮೊದಲು ನೋಡೋಣ. ಚರಕಸಂಹಿತೆಯ ಇಂದ್ರಿಯಸ್ಥಾನವೆಂಬ ಭಾಗದಲ್ಲಿ ಮರಣಸೂಚನೆಗಳ ವಿಚಾರವಿದೆ. ಅಲ್ಲಿ ಕನಸು ಏಳು ಬಗೆ ಎಂದು ಹೇಳಿದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ತೋರುವುದು, ದೇಹದ ದೋಷಗಳಿಂದ ಹುಟ್ಟಿದ್ದು. ಇವುಗಳಲ್ಲಿ ಮೊದಲಿನ ಐದಕ್ಕೆ ಫಲವಿಲ್ಲವೆಂದು ವೈದ್ಯನು ತಿಳಿಯಬೇಕು ಎಂದು ಆ ಗ್ರಂಥ ನಿರ್ಧರಿಸುತ್ತದೆ. ಹಗಲುನಿದ್ರೆಯ ಕನಸು, ತೀರ ಚಿಕ್ಕ ಕನಸು, ತೀರ ಉದ್ದವಾದ ಕನಸು, ಇವೂ ನಿಷ್ಫಲವೇ. ಮುಂದಾಗುವುದನ್ನು ತೋರುವ ಕನಸೊಂದಿದೆ ಎಂದು ಹಳೆಯ ವೈದ್ಯರು ಒಪ್ಪಿದ್ದರೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಅವರು ಆ ಬಾಗಿಲನ್ನು ಎಷ್ಟು ಕಿರಿದಾಗಿ ತೆರೆದಿಟ್ಟರೆಂಬುದನ್ನು ಗಮನಿಸಬೇಕು. ಕಂಡದ್ದರಿಂದ, ಕೇಳಿದ್ದರಿಂದ, ಅನುಭವದಿಂದ, ಬಯಕೆಯಿಂದ, ಕಲ್ಪನೆಯಿಂದ ಹುಟ್ಟಿದ್ದೆಲ್ಲವನ್ನೂ ಮೊದಲು ತೆಗೆದುಹಾಕು, ಅನಂತರ ಏನಾದರೂ ಉಳಿದರೆ ನೋಡು ಎಂಬುದೇ ಅವರ ಕ್ರಮ.

ಈ ಜರಡಿಗೆ ತಮ್ಮ ಕನಸನ್ನೇ ಹಾಕೋಣ. ಬೇಕಾದ ಸಾಮಗ್ರಿಯೆಲ್ಲವೂ ತಮ್ಮ ಪತ್ರದಲ್ಲಿಯೇ ಇದೆ.

ಚಾವಡಿ, ದಕ್ಷಿಣದ ತಲೆ, ಒಂಟಿ ದೀಪ: ಕನಸಿಗೆ ಮೂರು ವಾರಗಳ ಹಿಂದೆ ನೆರೆಮನೆಯ ಅಜ್ಜರು ತೀರಿಕೊಂಡಾಗ ತಾವು ಅಲ್ಲಿ ಇಡೀ ಬೆಳಿಗ್ಗೆ ಕುಳಿತಿದ್ದಿರೆಂದು ಬರೆದಿರುವಿರಿ. ಇದು ಕಂಡದ್ದು. ಸತ್ತವರು ನೀರು ಕೇಳುವುದು: ಬಾಯಾರಿದ ಪ್ರೇತದ ಕಥೆಗಳನ್ನು ಬಾಲ್ಯದಲ್ಲಿ ಇದೇ ದೊಡ್ಡಮ್ಮನವರ ಬಾಯಿಂದಲೇ ಕೇಳಿದ್ದೆವೆಂದು ತಾವೇ ನೆನೆದಿರುವಿರಿ. ಇದು ಕೇಳಿದ್ದು. ನೀರಿಗೆ ತಾಗದ ಹಗ್ಗ: ಆ ಹಿಂದಿನ ದಿನ ಏಕಾದಶಿ, ತಾವು ಉಪವಾಸವಿದ್ದಿರಿ, ಎಚ್ಚರವಾದಾಗ ಬಾಯಿ ಒಣಗಿತ್ತು. ಇದು ಅನುಭವಿಸಿದ್ದು. ದೊಡ್ಡಮ್ಮನವರು ತಮ್ಮತ್ತಲೇ ತಿರುಗಿ "ಮಗಳೇ" ಎಂದುದು: ಮೂರು ತಿಂಗಳಿಂದ ಅವರನ್ನು ನೋಡಲು ಹೋಗಲಾಗಿಲ್ಲವೆಂಬ ಕೊರಗನ್ನು ತಾವು ಪತ್ರದಲ್ಲಿ ಎರಡು ಬಾರಿ ಬರೆದಿರುವಿರಿ. ಇದು ಬಯಸಿದ್ದು. ಉಳಿದುದೇನು? ಇವೆಲ್ಲವನ್ನೂ ಹೆಣೆದ ದಾರವೊಂದು, ಅದು ಕಲ್ಪನೆ. ಹಳೆಯ ವೈದ್ಯನ ಲೆಕ್ಕದಲ್ಲಿಯೇ ತಮ್ಮ ಕನಸು ಐದೂ ಕಣ್ಣುಗಳಿಂದ ಸೋರಿಹೋಗಿ ಜರಡಿ ಬರಿದಾಗುತ್ತದೆ.

ಇನ್ನು ಬೆಳಗಿನ ಜಾವದ ಮಾತು. ನಮ್ಮ ಮನೆಗಳಲ್ಲಿ ಇದಕ್ಕಿರುವಷ್ಟು ಗೌರವ ಬೇರೆ ಯಾವ ಕನಸಿಗೂ ಇಲ್ಲ. ಈ ನಂಬಿಕೆ ಶುದ್ಧ ಬೊಗಳೆಯಲ್ಲ. ನಿಜವಾದ ಒಂದು ಸಂಗತಿಯನ್ನು ಕಂಡವರು ಅದಕ್ಕೆ ತಪ್ಪು ಅರ್ಥ ಹೇಳಿದರು, ಅಷ್ಟೆ. 1953ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬಿಬ್ಬರು ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯೊಳಗೆ ಆಗಾಗ ಚುರುಕಾಗಿ ಓಡಾಡುವುದನ್ನು ಗುರುತಿಸಿ ಪ್ರಕಟಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಬಹುಮಂದಿ ತಾವು ಕಾಣುತ್ತಿದ್ದ ಕನಸನ್ನು ಹೇಳುತ್ತಾರೆ. ಇಂತಹ ನಿದ್ರೆ ಸುಮಾರು ತೊಂಬತ್ತು ನಿಮಿಷಗಳಿಗೊಮ್ಮೆ ಬರುತ್ತದೆ. ಒಂದು ರಾತ್ರಿಯಲ್ಲಿ ನಾಲ್ಕೈದು ಸಲ. ಮೊದಲನೆಯ ಸಲ ಅದು ಹತ್ತು ನಿಮಿಷವೂ ಇರಲಾರದು. ಬೆಳಗಾಗುತ್ತ ಬಂದಂತೆ ದೀರ್ಘವಾಗಿ, ಕೊನೆಯ ಸಲ ಅರ್ಧ ಗಂಟೆಯನ್ನೂ ಮೀರುವುದುಂಟು.

ಆದುದರಿಂದ ಜಾವದ ಕನಸು ಉದ್ದವಾಗಿರುತ್ತದೆ, ಬಣ್ಣ ತುಂಬಿರುತ್ತದೆ, ಕಥೆಯಂತೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾವು ಏಳುವುದೇ ಆ ಕನಸಿನಿಂದ. ಮೊದಲ ಜಾವದ ಕನಸುಗಳ ಮೇಲೆ ಇನ್ನೂ ಐದಾರು ಗಂಟೆಗಳ ನಿದ್ರೆ ಬಂದು ಅವನ್ನು ಅಳಿಸಿಬಿಡುತ್ತದೆ. ಕೊನೆಯದು ಮಾತ್ರ ಅಳಿಯದೆ ಕೈಯಲ್ಲಿ ಉಳಿಯುತ್ತದೆ. ಚರಕಸಂಹಿತೆ ಕೂಡ ರಾತ್ರಿಯ ಮೊದಲ ಭಾಗದ ಕನಸಿಗೆ ಅಲ್ಪಫಲವೆಂದೂ, ಕಂಡ ಮೇಲೆ ಮತ್ತೆ ನಿದ್ರೆ ಹತ್ತದ ಕನಸಿಗೆ ಮಹಾಫಲವೆಂದೂ ಹೇಳುತ್ತದೆ. ತಾವು ಮತ್ತೆ ಮಲಗಲಿಲ್ಲವೆಂದು ಯಾರೋ ಇದನ್ನೇ ತಮಗೆ ಹೇಳಿ ಹೆದರಿಸಿರಬಹುದು. ನಾವು ಅದನ್ನು ಹೀಗೆ ಓದುತ್ತೇವೆ: ಮತ್ತೆ ನಿದ್ರೆ ಬಂದರೆ ಕನಸು ಮರೆತುಹೋಗುತ್ತದೆ, ಬಾರದಿದ್ದರೆ ನೆನಪಿನಲ್ಲಿ ನಿಲ್ಲುತ್ತದೆ. ಮರೆತ ಕನಸಿಗೆ ಫಲ ಹುಡುಕುವವರಿಲ್ಲ. ಎರಡು ನಿಯಮಗಳೂ ಭವಿಷ್ಯದ ನಿಯಮಗಳಲ್ಲ, ಜ್ಞಾಪಕದ ನಿಯಮಗಳು.

ಅದೇ ಮನೆಗಳಲ್ಲಿ ಇದಕ್ಕೆ ವಿರುದ್ಧವಾದ ಮತ್ತೊಂದು ಮಾತೂ ಇದೆ. ಕನಸಿನಲ್ಲಿ ಯಾರು ಸತ್ತಂತೆ ಕಾಣುವರೋ ಅವರಿಗೆ ಆಯುಷ್ಯ ಹೆಚ್ಚು ಎಂದು ನಮ್ಮ ಅಜ್ಜಿಯವರು ಹೇಳುತ್ತಿದ್ದರು; ತಮ್ಮ ದೊಡ್ಡಮ್ಮನವರೂ ಹೇಳಿರಬೇಕು. ಜಾವದ ಕನಸು ನಿಜವಾಗುತ್ತದೆಂಬ ಮಾತೂ ಕನಸಿನ ಸಾವು ಆಯುಷ್ಯವರ್ಧಕವೆಂಬ ಮಾತೂ ಒಂದೇ ಅಡಿಗೆಮನೆಯಲ್ಲಿ ಜಗಳವಿಲ್ಲದೆ ಬಾಳಿಕೊಂಡು ಬಂದಿವೆ. ಕಂಡವರು ಸತ್ತರೆ ಮೊದಲ ಮಾತು ಗೆದ್ದಿತು. ಬದುಕಿದರೆ ಎರಡನೆಯದು ಗೆದ್ದಿತು. ಏನಾದರೂ ಸೋಲದ ಶಾಸ್ತ್ರದಿಂದ ತಿಳಿಯುವುದೇನೂ ಇಲ್ಲ.

"ಹಾಗಾದರೆ ನಿಜವಾದ ಕನಸುಗಳ ಗತಿಯೇನು? ನಮ್ಮ ಶಾಲೆಯ ಹಿರಿಯ ಅಧ್ಯಾಪಕರೊಬ್ಬರು ಅಕ್ಕನ ಸಾವನ್ನು ಕನಸಿನಲ್ಲಿ ಕಂಡ ಮೂರನೆಯ ದಿನವೇ ಸುದ್ದಿ ಬಂದಿತಂತೆ" ಎಂದು ತಾವು ಕೇಳಿರುವಿರಿ. ಅವರು ಸುಳ್ಳು ಹೇಳಿದರೆಂದು ನಾವು ಹೇಳುವುದಿಲ್ಲ. ಆದರೆ ಇಂತಹವು ಎಷ್ಟು ನಡೆಯಬೇಕೆಂಬುದನ್ನು ಕರಿಹಲಗೆಯ ಮೇಲೆ ಲೆಕ್ಕಮಾಡಿ ನೋಡಬಹುದು. ವಿದ್ಯಾರ್ಥಿಗಳೂ ನಮ್ಮೊಡನೆ ಮಾಡಲಿ.

ಒಂದು ತಾಲ್ಲೂಕಿನಲ್ಲಿ ಒಂದು ಲಕ್ಷ ವಯಸ್ಕರಿದ್ದಾರೆ ಎಂದಿಟ್ಟುಕೊಳ್ಳೋಣ. ಒಬ್ಬೊಬ್ಬರೂ ಹತ್ತು ವರ್ಷಗಳಲ್ಲಿ ಒಂದೇ ಒಂದು ಬಾರಿ ಮನೆಯ ಹಿರಿಯರೊಬ್ಬರ ಸಾವನ್ನು ಕನಸಿನಲ್ಲಿ ಕಂಡು ನೆನಪಿಟ್ಟುಕೊಳ್ಳುತ್ತಾರೆ ಎನ್ನೋಣ. ಆಗ ಆ ತಾಲ್ಲೂಕಿನಲ್ಲಿ ವರ್ಷಕ್ಕೆ ಇಂತಹ ಕನಸುಗಳು 10,000. ಅಂತಹ ವೃದ್ಧರಲ್ಲಿ ನೂರಕ್ಕೆ ಐವರು ವರ್ಷವೊಂದರಲ್ಲಿ ತೀರಿಕೊಳ್ಳುವರೆಂದು ಇಟ್ಟುಕೊಂಡರೆ, ಇಪ್ಪತ್ತರಲ್ಲಿ ಒಬ್ಬರು. ವರ್ಷದ 365 ದಿನಗಳಿಗೆ ಹಂಚಿದರೆ ನಿರ್ದಿಷ್ಟವಾದ ಒಂದು ದಿನ ಒಬ್ಬರು ತೀರಿಕೊಳ್ಳುವ ಸಂಭವ 7,300ರಲ್ಲಿ ಒಂದು. ಒಂದು ವಾರದೊಳಗೆಂದರೆ ಅದರ ಏಳು ಪಟ್ಟು, ಅಂದರೆ ಸುಮಾರು ಸಾವಿರದಲ್ಲಿ ಒಂದು. ಹತ್ತು ಸಾವಿರ ಕನಸುಗಳಿಗೆ ಸಾವಿರಕ್ಕೊಂದರಂತೆ ಹತ್ತು. ಕನಸಿಗೆ ಯಾವ ಶಕ್ತಿಯೂ ಇಲ್ಲದಿದ್ದರೂ, ಆ ತಾಲ್ಲೂಕಿನಲ್ಲಿ ಪ್ರತಿವರ್ಷವೂ ಹತ್ತು ಮಂದಿ ಕನಸು ಕಂಡ ವಾರದೊಳಗೆ ಸಾವಿನ ಸುದ್ದಿಯನ್ನು ಕೇಳಿಯೇ ತೀರಬೇಕು. ಕಾಯಿಲೆಯವರ ವಿಷಯದಲ್ಲಿಯೇ ನಾವು ಹೆಚ್ಚು ಚಿಂತಿಸಿ ಹೆಚ್ಚು ಕನಸು ಕಾಣುವುದರಿಂದ ಈ ಸಂಖ್ಯೆ ಇನ್ನೂ ಏರೀತೇ ಹೊರತು ಇಳಿಯದು.

ಆ ಹತ್ತು ಮಂದಿ ತಮ್ಮ ಕಥೆಯನ್ನು ಆಯುಷ್ಯವೆಲ್ಲ ಹೇಳುವರು. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಅಧ್ಯಾಪಕರ ಕೊಠಡಿಯಲ್ಲಿ ಅದು ಸಂಚರಿಸುವುದು. ಉಳಿದ 9,990 ಮಂದಿ ಏನು ಹೇಳಿಯಾರು? "ದೊಡ್ಡಮ್ಮ ಸತ್ತಂತೆ ಕಂಡೆ; ಅವರು ಚೆನ್ನಾಗಿಯೇ ಇದ್ದರು" ಎಂಬುದು ಕಥೆಯಾಗುವುದಿಲ್ಲ. ನಾವು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮ್ಮ ತಂದೆಯವರು ತೀರಿಕೊಂಡಂತೆ ಕನಸು ಕಂಡು ಹಾಸಿಗೆಯಲ್ಲಿ ಕುಳಿತು ಅತ್ತಿದ್ದೆವು. ಅನಂತರ ಅವರು ಇಪ್ಪತ್ತೆರಡು ವರ್ಷ ಬಾಳಿದರು. ಅವರು ಕಾಲವಾದ ಹಿಂದಿನ ರಾತ್ರಿ ನಮಗೆ ಕನಸಿಲ್ಲದ ಗಾಢನಿದ್ರೆ ಬಂದಿತ್ತು. ಈ ಎರಡು ರಾತ್ರಿಗಳ ವಿಚಾರವನ್ನು ನಾವು ಯಾರೊಡನೆಯೂ ಹೇಳಿದವರಲ್ಲ. ಯಾರೂ ಕೇಳಿದವರೂ ಅಲ್ಲ. ತಮ್ಮ ಪತ್ರ ಬಂದುದರಿಂದ ಇಂದು ಬರೆಯುತ್ತಿದ್ದೇವೆ.

ಕನಸುಗಳನ್ನು ಸುದ್ದಿ ಬರುವ ಮುನ್ನವೇ ಬರೆಯಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನವಿದೆ. ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ವಿಮಾನದಲ್ಲಿ ದಾಟಿ ಪ್ರಸಿದ್ಧನಾದ ಚಾರ್ಲ್ಸ್ ಲಿಂಡ್‌ಬರ್ಗನ ಎಳೆಯ ಮಗುವನ್ನು 1932ರ ಮಾರ್ಚ್ 1ರ ರಾತ್ರಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಯಾರೋ ಮನೆಯಿಂದ ಅಪಹರಿಸಿದರು. ದೇಶವೆಲ್ಲ ಆ ಮಗುವಿಗಾಗಿ ಮರುಗುತ್ತಿತ್ತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಹೆನ್ರಿ ಮರ್ರೆ ಅವರು, ಈ ಸಂಬಂಧವಾಗಿ ಕನಸು ಕಂಡವರು ಬರೆದು ಕಳುಹಿಸಬೇಕೆಂದು ಪತ್ರಿಕೆಯ ಮೂಲಕ ಕೇಳಿಕೊಂಡರು. ಸಾವಿರದ ಮುನ್ನೂರಕ್ಕೂ ಹೆಚ್ಚು ಕನಸುಗಳು ಬಂದುವು. ಮೇ 12ರಂದು ಮಗುವಿನ ಶವ ರಸ್ತೆಯ ಪಕ್ಕದ ಮರಗಳ ನಡುವೆ, ಅರೆಬರೆ ಹೂಳಿದ ಸ್ಥಿತಿಯಲ್ಲಿ ಸಿಕ್ಕಿತು. ಆಮೇಲೆ ಕನಸುಗಳನ್ನು ತೆಗೆದು ನೋಡಿದರೆ, ಮಗು ಸತ್ತಿದೆಯೆಂದು ಕಂಡವರು ನೂರಕ್ಕೆ ಸುಮಾರು ಐವರು. ಮರಗಳ ನಡುವೆ ಮಣ್ಣಿನಲ್ಲಿ ಹೂತಿದೆಯೆಂದು ಕಂಡವರು ಬೆರಳೆಣಿಕೆಯಷ್ಟೇ. 1937ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆ ಬೆರಳೆಣಿಕೆಯವರ ಕನಸುಗಳನ್ನು ಮಾತ್ರ ಕೇಳಿದ್ದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತಿತ್ತು. ಉಳಿದವುಗಳನ್ನೂ ಕಟ್ಟಿಟ್ಟಿದ್ದುದರಿಂದ ಭ್ರಮೆ ಬಿಟ್ಟಿತು.

ಇನ್ನೊಂದು ತೊಡಕನ್ನೂ ಗಮನಿಸಬೇಕು. ಸುದ್ದಿ ಬಂದ ಮೇಲೆ ನೆನೆದ ಕನಸು, ಕಂಡ ಕನಸಿನಂತೆಯೇ ಇರುವುದಿಲ್ಲ. ಯಾರೋ ಮುದುಕಿ ಮಲಗಿದ್ದಂತೆ ಕಂಡದ್ದು ಹೇಳುತ್ತ ಹೇಳುತ್ತ ಅಕ್ಕನೇ ಆಗುವಳು. ಕಳೆದ ತಿಂಗಳ ಕನಸು ಮೊನ್ನೆಯದಾಗುವುದು. ಹೇಳುವವರಿಗೆ ಮೋಸದ ಉದ್ದೇಶವಿರುವುದಿಲ್ಲ. ನೆನಪು ಪ್ರತಿಸಲವೂ ತಿಳಿದ ಸಂಗತಿಗೆ ಹೊಂದುವಂತೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಇದನ್ನು ಪರೀಕ್ಷಿಸುವ ಉಪಾಯ ಸುಲಭ. ಹಾಸಿಗೆಯ ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನಿಡಿ. ಎದ್ದ ಕೂಡಲೇ, ಯಾರೊಡನೆಯೂ ಮಾತನಾಡುವ ಮೊದಲು, ತಾರೀಕು ಹಾಕಿ ಕನಸನ್ನು ಬರೆಯಿರಿ. ಎದುರು ಪುಟವನ್ನು ಖಾಲಿ ಬಿಡಿ. ಒಂದು ತಿಂಗಳಾದ ಮೇಲೆ ಆ ಖಾಲಿ ಪುಟದಲ್ಲಿ, ಕನಸಿನಲ್ಲಿ ಕಂಡವರು ಈಗ ಹೇಗಿದ್ದಾರೆಂಬುದನ್ನು ಬರೆಯಿರಿ. ಮೇಲಿನ ತರಗತಿಯ ಮಕ್ಕಳಿಂದ ಒಂದು ಅವಧಿಯ ಮಟ್ಟಿಗೆ ಇದನ್ನು ಮಾಡಿಸಬಹುದು. ಪುಸ್ತಕ ಮಾತ್ರ ಅವರವರ ಬಳಿಯಲ್ಲೇ ಇರಲಿ. ಮಕ್ಕಳ ಕನಸುಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬಾರದು.

ಈಗ ತಾವು ಹಾದಿಯಲ್ಲಿ ಬಿಟ್ಟುಹೋದ ಆ ವಾಕ್ಯಕ್ಕೆ ಬರೋಣ. "ಎರಡು ತಿಂಗಳ ಹಿಂದೆ ಫೋನಿನಲ್ಲಿ ಮಾತನಾಡುವಾಗ, ಬಾವಿಯಿಂದ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಏದುಸಿರು ಬರುತ್ತದೆ, ರಾತ್ರಿ ಎರಡು ದಿಂಬು ಬೇಕಾಗುತ್ತದೆ, ವಯಸ್ಸಾಯಿತಲ್ಲ ಎಂದು ದೊಡ್ಡಮ್ಮ ನಗುತ್ತಿದ್ದರು" ಎಂದು ಬರೆದಿರುವಿರಿ. ಅವರಿಗೆ ಎಪ್ಪತ್ತಾರು ವರ್ಷ. ತಾವು ಆಗ ಅದನ್ನು ಕೇಳಿ ನಕ್ಕಿರಿ. ಮನಸ್ಸಿನ ಒಂದು ಮೂಲೆ ನಗಲಿಲ್ಲ. ಆ ಮೂಲೆಯೇ ಜಾವದಲ್ಲಿ ಬಾವಿಕಟ್ಟೆಯನ್ನೂ ದೊಡ್ಡಮ್ಮನನ್ನೂ ಒಟ್ಟಿಗೆ ತಂದಿರಬಹುದು. ಕನಸು ಮುಂದಿನದನ್ನು ಅರಿಯದು. ಆದರೆ ನಾವು ಹಗಲಿನಲ್ಲಿ ಗಮನಿಸಿ ಬದಿಗಿಟ್ಟದ್ದನ್ನು ಅದು ಮತ್ತೆ ಎತ್ತಿ ತೋರುವುದುಂಟು.

ನಡೆದಾಗ ಏದುಸಿರು, ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುವುದು, ಇವೆರಡೂ ಸೇರಿದರೆ ವಯಸ್ಸೆಂದು ಬಿಟ್ಟುಬಿಡುವ ಮಾತಲ್ಲ. ಹೃದಯ ದುರ್ಬಲವಾಗಿ ಶ್ವಾಸಕೋಶಗಳಲ್ಲಿ ನೀರು ನಿಲ್ಲತೊಡಗಿದಾಗ ಹೀಗಾಗುತ್ತದೆ. ರಕ್ತಹೀನತೆಯಿಂದಲೂ ಶ್ವಾಸಕೋಶದ ಕಾಯಿಲೆಯಿಂದಲೂ ಏದುಸಿರು ಬರಬಹುದು. ಯಾವುದೆಂದು ವೈದ್ಯರೇ ಹೇಳಬೇಕು. ತಾವು ಹೋದಾಗ ಮೂರು ವಿಷಯಗಳನ್ನು ನೋಡಿಕೊಳ್ಳಿರಿ. ಎಷ್ಟು ದೂರ ನಡೆದರೆ ಅವರು ನಿಲ್ಲಬೇಕಾಗುತ್ತದೆ? ರಾತ್ರಿ ಉಸಿರು ಕಟ್ಟಿ ಎದ್ದು ಕುಳಿತುಕೊಳ್ಳುವುದುಂಟೆ? ಸಂಜೆ ಪಾದ ಊದಿರುತ್ತದೆಯೆ, ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ತೆಗೆದರೆ ಗುಳಿ ಹಾಗೆಯೇ ಉಳಿಯುತ್ತದೆಯೆ? ಇವನ್ನು ಬರೆದುಕೊಂಡು, ಅವರು ಸೇವಿಸುವ ಮಾತ್ರೆಗಳನ್ನೂ ಜೊತೆಗಿಟ್ಟುಕೊಂಡು ವೈದ್ಯರಲ್ಲಿಗೆ ಕರೆದೊಯ್ಯಿರಿ. ರಕ್ತದೊತ್ತಡ, ರಕ್ತಪರೀಕ್ಷೆ, ಇ.ಸಿ.ಜಿ. ಇಷ್ಟರಿಂದ ಪರೀಕ್ಷೆ ಪ್ರಾರಂಭವಾಗುತ್ತದೆ. ಕುಳಿತಲ್ಲೇ ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ರಜೆಯ ದಿನವನ್ನು ಕಾಯದೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಬೇಕು. ಇಷ್ಟನ್ನು ತಾವು ಕನಸು ಕಾಣದಿದ್ದರೂ ನಾವು ಹೇಳುತ್ತಿದ್ದೆವು.

ಕನಸಿನ ಸಂಗತಿಯನ್ನು ಅವರಿಗೆ ಈಗ ಹೇಳಬೇಡಿರಿ. ಉಸಿರಿಗೆ ಕಷ್ಟಪಡುವ ಹಿರಿಯರಿಗೆ ಮರಣಶಕುನದ ಸುದ್ದಿ ರಾತ್ರಿಯ ನಿದ್ರೆಯನ್ನು ಕೆಡಿಸೀತೇ ಹೊರತು ಉಪಕಾರವಾಗದು. ಶಾಂತಿ ಮಾಡಿಸಬೇಕೆಂದು ತಮ್ಮ ತಾಯಿಯವರು ಒತ್ತಾಯಿಸುತ್ತಿರುವುದಾಗಿ ಬರೆದಿರುವಿರಿ. ದೇವರ ಮುಂದೆ ತುಪ್ಪದ ದೀಪ ಹಚ್ಚಿದರೆ ಅವರ ಮನಸ್ಸಿಗೆ ಸಮಾಧಾನವಾಗುವುದಾದರೆ ಹಚ್ಚಲಿ, ನಾವು ಬೇಡವೆನ್ನುವುದಿಲ್ಲ. ಸಾಲ ಮಾಡಿ ಹೋಮ ಮಾಡಿಸುವುದಕ್ಕೆ ಮಾತ್ರ ನಮ್ಮ ಸಮ್ಮತಿಯಿಲ್ಲ. ಆ ಹಣ ವೈದ್ಯರ ಬಳಿಗೆ ಹೋಗುವ ದಾರಿಖರ್ಚಿಗೂ ಔಷಧಕ್ಕೂ ಬೇಕಾದೀತು.

ಇದೇ ಕನಸು ಮತ್ತೆ ಬಂದರೆ ಏನು ಮಾಡಬೇಕೆಂದೂ ಕೇಳಿರುವಿರಿ. ಒಂದೆರಡು ಬಾರಿ ಬಂದರೆ ಏನೂ ಮಾಡಬೇಕಾಗಿಲ್ಲ. ಹೆದರಿದ ಮನಸ್ಸು ಹೆದರಿದ್ದನ್ನೇ ಮತ್ತೆ ಕಾಣುತ್ತದೆ. ಪದೇ ಪದೇ ಬಂದರೆ ಹಗಲು ಹೊತ್ತಿನಲ್ಲಿ ಆ ಕನಸನ್ನು ಕಾಗದದ ಮೇಲೆ ಬರೆದು, ಅದರ ಕೊನೆಯನ್ನು ತಮಗೆ ಬೇಕಾದಂತೆ ಬದಲಾಯಿಸಿರಿ. ಹಗ್ಗ ನೀರಿಗೆ ತಾಗಿತು, ತಂಬಿಗೆ ತುಂಬಿತು, ದೊಡ್ಡಮ್ಮ ಎದ್ದು ಕುಳಿತು ಕುಡಿದರು ಎಂದು ಬರೆಯಿರಿ. ಆ ಹೊಸ ಕಥೆಯನ್ನು ದಿನಕ್ಕೆ ಹತ್ತು ನಿಮಿಷ ಕಣ್ಣು ಮುಚ್ಚಿ ಮನಸ್ಸಿನಲ್ಲಿ ನಡೆಸಿಕೊಳ್ಳಿರಿ. ದುಃಸ್ವಪ್ನಗಳಿಂದ ಬಳಲುವವರಿಗೆ ಚಿಕಿತ್ಸಕರು ಕಲಿಸುವ ಕ್ರಮವಿದು. ಕೆಲವು ವಾರಗಳಲ್ಲಿ ಹಲವರಿಗೆ ಗುಣ ಕಂಡುಬಂದಿದೆ. ಅಷ್ಟಾಗಿಯೂ ತಿಂಗಳುಗಟ್ಟಲೆ ಮಲಗಲು ಹೆದರಿಕೆಯಾಗಿ ತರಗತಿಯಲ್ಲಿ ಪಾಠ ಹೇಳುವುದು ಕಷ್ಟವಾದರೆ ಮನೋವೈದ್ಯರನ್ನು ಕಾಣಬೇಕು.

ದೊಡ್ಡಮ್ಮನವರು ಒಂದಲ್ಲ ಒಂದು ದಿನ ತೀರಿಕೊಳ್ಳುವರು. ಆ ದಿನ ಈ ಕನಸು ನೆನಪಿಗೆ ಬಂದು, "ಅಂದೇ ಕಂಡಿದ್ದೆನಲ್ಲ" ಎಂದು ಮನಸ್ಸು ಹೇಳುವುದು. ಆಗ ಈ ಪುಟವನ್ನು ತೆಗೆದು, ಕನಸು ಕಂಡ ತಾರೀಕನ್ನು ನೋಡಿಕೊಳ್ಳಿರಿ. ನಡುವೆ ಕಳೆದ ದಿನಗಳನ್ನು ಎಣಿಸಿರಿ. ಆ ದಿನಗಳಲ್ಲಿ ತಾವು ಅವರ ಬಳಿಗೆ ಎಷ್ಟು ಬಾರಿ ಹೋಗಿದ್ದಿರೆಂಬುದನ್ನೂ ಎಣಿಸಿರಿ. ಸದ್ಯಕ್ಕೆ ಇಂದು ಸಂಜೆಯೇ ಫೋನ್ ಮಾಡಿರಿ; ಶನಿವಾರದ ಮೊದಲ ಬಸ್ಸಿಗೆ ಹೊರಡಿರಿ.

ವೈದ್ಯರು ಏನೆಂದರೆಂಬುದನ್ನು ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.